ಬಂಗು ತಿಳಿಯಾಗಲಿ, ಮೈಬಣ್ಣ ಹಾಗೆಯೇ ಇರಲಿ

ಬೆಟಗೇರಿಯ ಅಂಗನವಾಡಿ ಶಿಕ್ಷಕಿಯೊಬ್ಬರಿಗೆ ಎರಡನೇ ಹೆರಿಗೆಯ ನಂತರ ಎರಡೂ ಕೆನ್ನೆಗಳ ಮೇಲೆ ಬಂಗು ಎದ್ದಿತು. ಔಷಧ ಅಂಗಡಿಯಲ್ಲಿ ಕೇಳಿ ತಂದ ಕ್ರೀಮನ್ನು ಇಡೀ ಮುಖಕ್ಕೆ ಹಚ್ಚಿದರು. ಮೂರೇ ವಾರಗಳಲ್ಲಿ ಮುಖ ಬೆಳ್ಳಗಾಯಿತು, ಓಣಿಯವರೆಲ್ಲ ಹೊಗಳಿದರು. ಕೆಲವು ತಿಂಗಳ ನಂತರ ಕ್ರೀಮು ಬಿಟ್ಟ ಹತ್ತು ದಿನಗಳಲ್ಲಿ ಕೆನ್ನೆ ಕೆಂಪೇರಿ ಉರಿಯತೊಡಗಿತು, ಬಂಗು ಮೊದಲಿಗಿಂತ ಕಪ್ಪಾಗಿ ಮರಳಿತು. ಟ್ಯೂಬಿನ ಮೇಲೆ ಸಣ್ಣ ಅಕ್ಷರಗಳಲ್ಲಿ ಮೊಮೆಟಾಸೋನ್ ಎಂದಿತ್ತು. ಅದು ಸ್ಟೀರಾಯ್ಡ್. ಚರ್ಮವೈದ್ಯರು ಕೆಲವೇ ವಾರಗಳಿಗೆಂದು ಬರೆದುಕೊಡುವ ಔಷಧವನ್ನು ಇವರು ತಿಂಗಳುಗಟ್ಟಲೆ ಸ್ನೋ ಹಚ್ಚಿದಂತೆ ಹಚ್ಚಿದ್ದರು.

ಚರ್ಮವೈದ್ಯರು ಮೊದಲ ತಿಂಗಳು ಬಂಗಿನ ಔಷಧವನ್ನೇ ಕೊಡಲಿಲ್ಲ. ಉರಿ ಆರುವವರೆಗೆ ಮಾಯಿಶ್ಚರೈಸರ್ ಮತ್ತು ಸನ್‌ಸ್ಕ್ರೀನ್, ಇಷ್ಟೇ.

ಸನ್‌ಸ್ಕ್ರೀನ್ ಹಚ್ಚುವುದರಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ಕಡಲೆಕಾಳಿನಷ್ಟು ಹಚ್ಚಿದರೆ ಸಾಲದು. ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೂ ಹಿಂಡಿದಷ್ಟು ಮುಖ ಮತ್ತು ಕುತ್ತಿಗೆಗೆ ಬೇಕು. ಎಸ್‌ಪಿಎಫ್ 30 ಅಥವಾ ಹೆಚ್ಚಿನದನ್ನು ಕೊಳ್ಳಿ, ಅದರಲ್ಲೂ ತುಸು ಕಂದು ಬಣ್ಣದ್ದನ್ನು. ನಮ್ಮಂಥ ಕಂದು ಚರ್ಮದ ಬಂಗನ್ನು ಕಣ್ಣಿಗೆ ಕಾಣುವ ಬೆಳಕೂ ಕಪ್ಪಾಗಿಸುತ್ತದೆ. ಆ ಬಣ್ಣದಲ್ಲಿರುವ ಐರನ್ ಆಕ್ಸೈಡ್ ಅದನ್ನು ತಡೆಯುತ್ತದೆ. ಬಿಸಿಲಿನಲ್ಲಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಗದಗದ ಏಪ್ರಿಲ್ ಬಿಸಿಲಿಗೆ ಸೆರಗು ಹೊದ್ದರಷ್ಟೇ ಸಾಲದು.

ಎರಡನೇ ತಿಂಗಳು ರಾತ್ರಿಗೆ ಅಜೆಲಾಯಿಕ್ ಆಮ್ಲದ ಕ್ರೀಮು ಬಂತು. ಇದರ ಗುಣವೆಂದರೆ, ಅತಿಯಾಗಿ ಬಣ್ಣ ಸುರಿಸುತ್ತಿರುವ ಕೋಶಗಳನ್ನೇ ಹೆಚ್ಚಾಗಿ ತಡೆಯುತ್ತದೆ, ಸಹಜ ಬಣ್ಣದ ಚರ್ಮವನ್ನು ಅಷ್ಟಾಗಿ ಮುಟ್ಟುವುದಿಲ್ಲ. ಒಣ ಮುಖಕ್ಕೆ, ಕಲೆಯ ಮೇಲೆ ತೆಳುವಾಗಿ, ಮೊದಲೆರಡು ವಾರ ದಿನ ಬಿಟ್ಟು ದಿನ. ಸ್ವಲ್ಪ ಚುರುಗುಟ್ಟುವುದು ಸಹಜ. ಬೆಳಿಗ್ಗೆಯೂ ಕೆಂಪು ಉಳಿದಿದ್ದರೆ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು, ಏಕೆಂದರೆ ಕೆರಳಿದ ಚರ್ಮ ಇನ್ನಷ್ಟು ಕಪ್ಪಾಗುತ್ತದೆ. ನಿಂಬೆರಸ ತಿಕ್ಕುವವರಿಗೆ ಆಗುವುದೂ ಇದೇ.

ಗುಣವಾಗುತ್ತಿದೆಯೇ ಎಂದು ತಿಳಿಯಲು ಕನ್ನಡಿ ಸಾಲದು. ನಾಲ್ಕು ವಾರಕ್ಕೊಮ್ಮೆ ಅದೇ ಕಿಟಕಿಯ ಬಳಿ, ಅದೇ ಹೊತ್ತಿಗೆ, ಮೊಬೈಲಿನ ಬ್ಯೂಟಿ ಫಿಲ್ಟರ್ ತೆಗೆದು ಫೋಟೊ ತೆಗೆಯಿರಿ. ಕಲೆಯನ್ನು ದವಡೆಯ ಕೆಳಗಿನ ಬಣ್ಣದೊಂದಿಗೆ ಹೋಲಿಸಿ. ಅಷ್ಟಕ್ಕೆ ಬಂದರೆ ಕೆಲಸ ಮುಗಿದಂತೆ. ಕಲೆಯ ಸುತ್ತ ಬಿಳಿಯ ಉಂಗುರ, ಕೆಂಪು ನರಗಳು ಅಥವಾ ಹೊಸ ಕೂದಲು ಕಂಡರೆ ಔಷಧ ದಾರಿ ತಪ್ಪಿದೆ. ಬೂದು ನೀಲಿ ಛಾಯೆಯ ಬಂಗು ಆಳದ್ದು, ಪೂರ್ತಿ ಹೋಗದಿರಬಹುದು.

ಶಿಕ್ಷಕಿಯ ಮೂರನೇ ಫೋಟೊದಲ್ಲಿ ಕಲೆಯ ಅಂಚು ಮಸುಕಾಗಿತ್ತು, ಹಣೆಯ ಬಣ್ಣ ಮೊದಲಿನಂತೆಯೇ ಇತ್ತು. ಈಗ ರಾತ್ರಿಯ ಕ್ರೀಮು ವಾರಕ್ಕೆ ಮೂರು ದಿನ ಮಾತ್ರ. ಸನ್‌ಸ್ಕ್ರೀನನ್ನು ಅವರು ಒಮ್ಮೆ ಜಾತ್ರೆಯ ನಾಲ್ಕು ದಿನ ಮರೆತಿದ್ದರು, ಬಂಗು ಮತ್ತೆ ಇಣುಕಿತ್ತು.