‘ಸ್ವಲ್ಪ ನೋಡಿ ಮಾಡ್ರಿ’ ಬೇಡ: ಪೌಚ್ ಸಪ್ಲೈಯರ್‌ಗೆ ದರದ ಮೆಸೇಜ್ ಬರೆಯುವುದು ಹೇಗೆ

ಹುಬ್ಬಳ್ಳಿ-ಧಾರವಾಡ ಕಡೆ ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಮಾಡಿ ಮಾರುವ ಮಹಿಳಾ ಸಂಘಗಳು ಬಹಳ. ರುಚಿಯಲ್ಲಿ ಅವರನ್ನು ಮೀರಿಸುವವರಿಲ್ಲ. ಆದರೆ ಪ್ರಿಂಟ್ ಮಾಡಿದ ಪೌಚ್ ತರಿಸುವಾಗ ಸಪ್ಲೈಯರ್‌ಗೆ ಅವರು ಹಾಕುವ ವಾಟ್ಸಾಪ್ ಮೆಸೇಜ್ ನೋಡಿದರೆ ಸಂಕಟವಾಗುತ್ತದೆ. ಹೆಚ್ಚುಕಡಿಮೆ ಎಲ್ಲರದ್ದೂ ಹೀಗೇ ಇರುತ್ತದೆ:

‘ಅಣ್ಣಾರ ನಮಸ್ಕಾರ. ಪೌಚಿನ ರೇಟ್ ಭಾಳ ಆತ್ರಿ. ಹೊರಗ ಇನ್ನೂ ಕಮ್ಮಿಗೆ ಸಿಗತಾವು. ಸ್ವಲ್ಪ ನೋಡಿ ಮಾಡ್ರಿ. ಅರ್ಜೆಂಟ್ ಐತಿ, ಜಲ್ದಿ ಕಳಸ್ರಿ. ರೊಕ್ಕ ಆಮ್ಯಾಲೆ ಕೊಡತೀವಿ.’

ಇದರಲ್ಲಿ ಒಂದೇ ಒಂದು ಅಂಕಿ ಇಲ್ಲ. ‘ಹೊರಗ ಕಮ್ಮಿ’ ಅನ್ನುವ ಮಾತು ಸಪ್ಲೈಯರ್ ಮನಸ್ಸಿಗೆ ಚುಚ್ಚುತ್ತದೆ, ‘ಅರ್ಜೆಂಟ್’ ಅನ್ನುವ ಮಾತು ನಿಮ್ಮ ಕೈ ಕಟ್ಟುತ್ತದೆ. ಸಂಬಂಧವೂ ಕೆಡುತ್ತದೆ, ದರವೂ ಇಳಿಯುವುದಿಲ್ಲ. ಇದನ್ನೇ ತಿದ್ದಿ ಬರೆಯೋಣ.

ಮೊದಲು, ಹಾಳೆಯ ಮೇಲೆ ಮೂರು ದರ. ಅವರು ಹೇಳಿದ್ದು, ನೀವು ಕೇಳುವುದು, ಇದಕ್ಕಿಂತ ಮೇಲೆ ಹೋಗೆವು ಅನ್ನುವುದು. ಉದಾಹರಣೆಗೆ 20,000 ಪೌಚಿಗೆ ಅವರು ತಲಾ 1.95 ರೂಪಾಯಿ ಹೇಳಿದ್ದಾರೆ. ನೀವು ಕೇಳುವುದು 1.75, ಕೊನೆಯ ಮಿತಿ 1.82. 20 ಪೈಸೆ ಅಂದರೆ ಇಡೀ ಆರ್ಡರ್‌ಗೆ 4,000 ರೂಪಾಯಿ. ಮೂರನೆಯ ದರ ಹಾಳೆಯಲ್ಲೇ ಇರಲಿ, ಮೆಸೇಜಿಗೆ ಬರಕೂಡದು.

ಆಮೇಲೆ, ಚುಚ್ಚುವ ಮಾತು ತೆಗೆಯುವುದು. ‘ಹೊರಗ ಕಮ್ಮಿ’, ‘ಅರ್ಜೆಂಟ್’, ‘ಆಮ್ಯಾಲೆ’ ಮೂರನ್ನೂ ಅಳಿಸಿ. ಬೇರೆಯವರ ಕೊಟೇಶನ್ನಿನ ಫೋಟೊ ತೆಗೆದು ಫಾರ್ವರ್ಡ್ ಮಾಡುವ ಅಡ್ಡದಾರಿಯನ್ನೂ ಹಿಡಿಯಬೇಡಿ. ನಾಳೆ ತನ್ನ ಕೊಟೇಶನ್ನೂ ಹೀಗೇ ಊರು ಸುತ್ತುತ್ತದೆ ಎಂದು ಅವರಿಗೆ ಗೊತ್ತಾಗುತ್ತದೆ. ನಮಸ್ಕಾರ ಇರಲಿ, ಹೋದ ಸಲದ ಮಾಲಿನ ಬಗ್ಗೆ ಒಂದು ನಿಜವಾದ ಒಳ್ಳೆಯ ಮಾತಿರಲಿ. ಅಷ್ಟು ಸಾಕು.

ಈಗ ದರದ ವಾಕ್ಯ. ಬಹಳಷ್ಟು ಜನ ಎಡವುವುದು ಇಲ್ಲೇ. ‘1.75ಕ್ಕೆ ಮಾಡ್ರಿ’ ಎಂದಷ್ಟೇ ಬರೆದರೆ ಸಪ್ಲೈಯರ್ ಒಪ್ಪಿಯೇ ಒಪ್ಪಬಹುದು, ನಿಮಗೆ ಲಾಭವೇನೂ ಆಗದಿರಬಹುದು. ಪೌಚಿನ ಖರ್ಚಿನಲ್ಲಿ ದೊಡ್ಡ ಪಾಲು ಫಿಲ್ಮಿನದು, ಫಿಲ್ಮ್ ಮಾರುವುದು ತೂಕದ ಮೇಲೆ. 80 ಮೈಕ್ರಾನ್ ದಪ್ಪದ ಫಿಲ್ಮನ್ನು 70ಕ್ಕೆ ಇಳಿಸಿದರೆ ತೂಕ ಸುಮಾರು ಎಂಟರಲ್ಲೊಂದು ಭಾಗ ಕಡಿಮೆಯಾಗುತ್ತದೆ. 1.95 ಪೂರ್ತಿ ಫಿಲ್ಮಿನ ಖರ್ಚೇ ಎಂದುಕೊಂಡರೆ, ಅದರಲ್ಲಿ ಎಂಟರಲ್ಲೊಂದು ಭಾಗ ಕಳೆದು ಉಳಿಯುವುದು 1.71. ಅಂದರೆ ನೀವು ಕೇಳಿದ 1.75ನ್ನು ಸಪ್ಲೈಯರ್ ತನ್ನ ಲಾಭ ಹೆಚ್ಚೇನೂ ಬಿಡದೆಯೇ ಕೊಡಬಹುದು, ಪೌಚ್ ತೆಳ್ಳಗಾಗಿರುತ್ತದೆ ಅಷ್ಟೆ. ಇದರಲ್ಲಿ ಮೋಸವೇ ಇರಬೇಕೆಂದಿಲ್ಲ. ನೀವು ದಪ್ಪ ಹೇಳಲಿಲ್ಲ, ಅವರು ದರಕ್ಕೆ ತಕ್ಕ ಮಾಲು ಕೊಟ್ಟರು.

ಆದ್ದರಿಂದ ದರದ ಜೊತೆಗೇ ಅಳತೆ, ಮೈಕ್ರಾನ್, ಜಿ.ಎಸ್.ಟಿ., ಸಾಗಣೆ ನಾಲ್ಕೂ ಬರಬೇಕು. 18% ಜಿ.ಎಸ್.ಟಿ. ಬೇರೆ ಅಂದರೆ 1.75 ಕೈಸೇರುವ ಹೊತ್ತಿಗೆ 2 ರೂಪಾಯಿ 6 ಪೈಸೆ ದಾಟಿರುತ್ತದೆ. ಗ್ರಾವ್ಯೂರ್ ಪ್ರಿಂಟಿಂಗ್ ಆದರೆ ಬಣ್ಣಕ್ಕೊಂದು ಸಿಲಿಂಡರ್ ಮಾಡಿಸಬೇಕು, ಅದರ ಖರ್ಚು ಮೊದಲ ಆರ್ಡರ್‌ನಲ್ಲೇ ನೀವು ಕೊಟ್ಟಿರುತ್ತೀರಿ. ಡಿಸೈನ್ ಬದಲಾಗದಿದ್ದರೆ ಹಳೇ ಸಿಲಿಂಡರ್ ಎಂದು ಬರೆಯಿರಿ, ಮತ್ತೆ ಆ ಚಾರ್ಜ್ ಬಿಲ್ಲಿನಲ್ಲಿ ಬರುವುದಿಲ್ಲ.

ಕೇಳಿದ್ದಕ್ಕೆ ಪ್ರತಿಯಾಗಿ ಏನು ಕೊಡುತ್ತೀರಿ ಎಂಬುದೂ ಅಲ್ಲೇ ಇರಲಿ. ದರ ಬಿಗಿಯಾಗಿದ್ದರೂ ಮಾತು ಒರಟಾಗದಿರುವುದು ಇದರಿಂದ. ಪ್ರಿಂಟ್ ಕೆಲಸದಲ್ಲಿ 20,000 ಹೇಳಿದರೆ ಸರಿಯಾಗಿ ಅಷ್ಟೇ ಬರುವುದು ಕಷ್ಟ, ಹತ್ತು ಪರ್ಸೆಂಟ್ ಆಚೀಚೆ ಆಗುತ್ತದೆ. ಅದನ್ನು ಜಗಳವಿಲ್ಲದೆ ತೆಗೆದುಕೊಳ್ಳುತ್ತೇವೆ ಅನ್ನುವುದು ಅವರಿಗೆ ದೊಡ್ಡ ಸಮಾಧಾನ, ನಿಮಗೆ ನಷ್ಟವಿಲ್ಲ.

ಹಣದ ದಿನ. ‘ಆಮ್ಯಾಲೆ’ ಬದಲು ದಿನ ಬರೆಯಿರಿ. ಅರವತ್ತು, ತೊಂಬತ್ತು ದಿನ ಸಾಲ ಕೇಳಬೇಡಿ. ಪೌಚ್ ತಯಾರಿಸುವವರು ಉದ್ಯಮ್ ನೋಂದಣಿ ಇರುವ ಅತಿಸಣ್ಣ ಅಥವಾ ಸಣ್ಣ ಉದ್ಯಮವಾಗಿದ್ದರೆ, 2006ರ ಎಂ.ಎಸ್.ಎಂ.ಇ. ಕಾಯ್ದೆಯ ಪ್ರಕಾರ ಬರವಣಿಗೆಯಲ್ಲಿ ಒಪ್ಪಂದವಿದ್ದರೂ 45 ದಿನ ಮೀರುವಂತಿಲ್ಲ. ಬರವಣಿಗೆ ಇಲ್ಲದಿದ್ದರೆ 15 ದಿನವೇ. ಮೀರಿದರೆ ಬ್ಯಾಂಕ್ ದರದ ಮೂರುಪಟ್ಟು ಬಡ್ಡಿ ಕೇಳುವ ಹಕ್ಕು ಅವರಿಗಿದೆ. 30 ದಿನ ಕೇಳಿ, ಮಾತಿನಂತೆ ಕೊಡಿ.

ಎಲ್ಲ ಸೇರಿ ಮೆಸೇಜ್ ಹೀಗಾಗುತ್ತದೆ:

‘ಅಣ್ಣಾರ ನಮಸ್ಕಾರ. ಹೋದ ಸಲದ ಪ್ರಿಂಟ್ ಚೊಲೋ ಬಂದಿತ್ರಿ, ಅಂಗಡಿಯವರೂ ಹೇಳಿದ್ರು. ಈ ಸಲ 20,000 ಪೌಚ್ ಬೇಕು. ಅದೇ 16×24 ಸೆಂ.ಮೀ., 80 ಮೈಕ್ರಾನ್, ಅದೇ ಡಿಸೈನ್, ಹಳೇ ಸಿಲಿಂಡರ್. ನೀವು 1.95 ಹೇಳೀರಿ. ಇದೇ ಮೈಕ್ರಾನಿಗೆ 1.75, ಜಿ.ಎಸ್.ಟಿ. ಬ್ಯಾರೆ, ನಮ್ಮ ಬಾಗಲಿಗೆ ಡೆಲಿವರಿ ಆದ್ರ ಆರ್ಡರ್ ಕೊಡತೀವಿ. 40% ಅಡ್ವಾನ್ಸ್, ಉಳಿದದ್ದು ಮಾಲ್ ಬಂದ 30 ದಿನದಾಗ. 10% ಹೆಚ್ಚುಕಮ್ಮಿ ಬಂದ್ರೂ ತಗೋತೀವಿ, ಬಂದಷ್ಟಕ್ಕ ಬಿಲ್ ಮಾಡ್ರಿ. ಶುಕ್ರವಾರದೊಳಗ ತಿಳಸ್ರಿ.’

ಇಂಟರ್ನೆಟ್ಟಿನಲ್ಲಿ ಸಿಗುವ ರೆಡಿಮೇಡ್ ಇಂಗ್ಲಿಷ್ ಪತ್ರಗಳನ್ನು ಅಂಟಿಸಬೇಡಿ. ನಿನ್ನೆವರೆಗೆ ‘ಅಣ್ಣಾರ’ ಎಂದವರು ಇವತ್ತು ಆಫೀಸಿನ ಇಂಗ್ಲಿಷಿನಲ್ಲಿ ಬರೆದರೆ ಏನೋ ಸಿಟ್ಟಾಗಿದೆ ಎಂದೇ ಅವರು ತಿಳಿಯುತ್ತಾರೆ. ವಾಯ್ಸ್ ಮೆಸೇಜ್ ಕೂಡ ಬೇಡ. ತಿಂಗಳಾದ ಮೇಲೆ ಅದರಲ್ಲಿ ದರ ಹುಡುಕಲಾಗುವುದಿಲ್ಲ.

‘ಆಗೂದಿಲ್ರಿ ಅಕ್ಕಾರ, 1.90 ಲಾಸ್ಟ್’ ಅಂದರೆ? ಕೂಡಲೇ 1.82ಕ್ಕೆ ಏರಬೇಡಿ. ಬರೀ ದರ ಏರಿಸಿದರೆ, ಇನ್ನೊಮ್ಮೆ ತಳ್ಳಿದರೆ ಇನ್ನೂ ಏರುತ್ತಾರೆ ಎಂದು ತೋರಿಸಿಕೊಟ್ಟಂತಾಗುತ್ತದೆ. ದರದ ಜೊತೆ ಬೇರೇನಾದರೂ ಬದಲಾಗಲಿ. ಮಶೀನ್ ಹಚ್ಚಿ ಬಣ್ಣ ಕೂಡಿಸುವಾಗ ಹಾಳಾಗುವ ಫಿಲ್ಮ್ 20,000ಕ್ಕೂ 30,000ಕ್ಕೂ ಹೆಚ್ಚುಕಡಿಮೆ ಒಂದೇ, ಹಾಗಾಗಿ ದೊಡ್ಡ ಪ್ರಿಂಟಿನಲ್ಲಿ ಅವರಿಗೆ ನಿಜವಾಗಿಯೂ ಉಳಿತಾಯವಿದೆ:

‘1.90 ನಮಗ ಕೂಡೂದಿಲ್ರಿ ಅಣ್ಣಾರ. 30,000 ಒಮ್ಮೆಲೆ ಪ್ರಿಂಟ್ ಮಾಡ್ರಿ. 15,000 ಈಗ, ಉಳಿದ 15,000 ಎರಡು ತಿಂಗಳದಾಗ ಎತ್ತತೀವಿ. ಎರಡೂ ಸಲಕ್ಕೂ 1.80.’

ಎರಡು ತಿಂಗಳಲ್ಲಿ ಅಷ್ಟು ಮಾಲು ಹೋಗುವುದು ಖಚಿತವಿದ್ದರೆ ಮಾತ್ರ ಇದನ್ನು ಬರೆಯಬೇಕು. ಪೌಚ್ ಮೇಲೆ ಎಂ.ಆರ್.ಪಿ. ಪ್ರಿಂಟ್ ಆಗಿದ್ದರೆ, ದರ ಬದಲಾದಾಗ ಉಳಿದ ದಾಸ್ತಾನು ತಲೆನೋವು. ಅದಕ್ಕೂ 1.90 ಬಿಡದಿದ್ದರೆ, ‘ಈ ಸಲ ಕೂಡಿ ಬರಲಿಲ್ರಿ, ಮುಂದಿನ ಆರ್ಡರ್‌ಗೆ ಮತ್ತ ಕೇಳತೀನಿ’ ಎಂದು ಬರೆದು ನಿಲ್ಲಿಸಿ. ಬಾಗಿಲು ತೆರೆದೇ ಇರುತ್ತದೆ.

ಫೋನಿನಲ್ಲಿ ಒಪ್ಪಿದರೆ ಅದೇ ದಿನ ಒಪ್ಪಿದ್ದನ್ನೆಲ್ಲ ಒಂದೇ ಮೆಸೇಜಿನಲ್ಲಿ ಹಾಕಿ, ಅವರಿಂದ ‘ಹೂಂ ರೀ’ ಬರುವ ತನಕ ಅಡ್ವಾನ್ಸ್ ಕಳಿಸಬೇಡಿ.

ಮಾಲು ಬಂದ ದಿನ ನೂರು ಪೌಚ್ ಎಣಿಸಿ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. ಮೂರು ಬದಿ ಸೀಲಿನ, 16×24ರ ಸಾದಾ ಪೌಚ್ 80 ಮೈಕ್ರಾನ್ ಇದ್ದರೆ ಸುಮಾರು 610 ಗ್ರಾಂ ಬರಬೇಕು. 70 ಇದ್ದರೆ 540ರ ಹತ್ತಿರ. ಫಿಲ್ಮಿನ ಜಾತಿಯ ಮೇಲೆ ಸ್ವಲ್ಪ ಆಚೀಚೆ ಆಗುವುದರಿಂದ ಹೋದ ಸಲದ ನೂರು ಪೌಚ್ ಇದ್ದರೆ ಅದರ ಜೊತೆಗೇ ತೂಗಿ ನೋಡುವುದು ಇನ್ನೂ ಉತ್ತಮ. ಕಡಿಮೆ ಬಂದರೆ ತಕ್ಕಡಿಯ ಫೋಟೊದೊಂದಿಗೆ, ಆರೋಪವಿಲ್ಲದೆ:

‘ಅಣ್ಣಾರ, ನೂರು ಪೌಚ್ 545 ಗ್ರಾಂ ಬರಾಕತ್ತಾವ್ರಿ. ಮಾತಾಡಿದ್ದು 80 ಮೈಕ್ರಾನ್. ರೋಲ್ ಏನರ ಬದಲಾಗೇತೇನು ನೋಡ್ರಿ. ಇದೇ ಮಾಲ್ ಇಟ್ಕೋಬೇಕಂದ್ರ ರೇಟ್ ತೂಕಕ್ಕ ತಕ್ಕಂಗ ಮಾಡ್ರಿ, ಇಲ್ಲಾ ಬದಲಿ ಕಳಸ್ರಿ. ನೀವು ಹೇಳಿದ ದಿನಾನ ಬಾಕಿ ಹಾಕತೀವಿ.’