ಬ್ಯಾಂಕಿನ ಫಾರ್ಮ್ ಬಿಟ್ಟು ನಮ್ಮದೇ ಠರಾವು ಕೊಟ್ಟು ಖಾತೆ ತೆರೆಸಿದ್ದು

ಕಂಪನಿ ಖಾತೆ ತೆರೆಯಬೇಕಾದರೆ ಬೋರ್ಡ್ ಠರಾವಿನ ನಕಲನ್ನು ಬ್ಯಾಂಕಿನವರ ಅಚ್ಚಾದ ಫಾರ್ಮಿನಲ್ಲೇ ಕೊಡಬೇಕು ಅಂತ ಹುಬ್ಬಳ್ಳಿಯಲ್ಲಿ ಕಂಪನಿಗಳ ಕಾಗದಪತ್ರ ನೋಡುವ ನಮ್ಮ ಕೆಲಸದ ಬಹಳ ಜನ ನಂಬಿದ್ದಾರೆ. ನಮ್ಮದೇ ಒಕ್ಕಣೆ ಕೊಡ್ತೀನಿ ಅಂದಾಗ ಪಕ್ಕದ ಆಫೀಸಿನ ಗೆಳೆಯರು "ಸುಮ್ನೆ ಯಾಕ ತಿರಗತೀರಿ, ಅವರ ಫಾರ್ಮ್ ತುಂಬಿ ಕೊಟ್ಟುಬಿಡ್ರಿ" ಅಂದಿದ್ದರು. ಆ ಖಾತೆ ಈಗ ಒಂದು ಮೆಣಸಿನಕಾಯಿ ಸೀಜನ್ ದಾಟಿ ನಡೆಯುತ್ತಿದೆ.

ಕಂಪನಿ ಬ್ಯಾಡಗಿಯದು, ಹೊಸದಾಗಿ ನೋಂದಣಿಯಾದದ್ದು. ಒಣಮೆಣಸಿನಕಾಯಿ ಖರೀದಿ, ಖಾರದ ಪುಡಿ ಮಾರಾಟ. ಇಬ್ಬರೇ ಡೈರೆಕ್ಟರು, ಅಣ್ಣ ತಮ್ಮ. ಅಣ್ಣ ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಕೂರುತ್ತಾರೆ, ತಮ್ಮ ಹುಬ್ಬಳ್ಳಿಯಲ್ಲಿ ಮಾರಾಟ ನೋಡಿಕೊಳ್ಳುತ್ತಾರೆ. ಇವರ ಜೊತೆಗೆ ಹಳೇ ನಂಬಿಕಸ್ಥ ಅಕೌಂಟಂಟ್ ಒಬ್ಬರು. ಸಣ್ಣ ಮೊತ್ತಕ್ಕೆ ಯಾರಾದರೂ ಒಬ್ಬರು ಸಹಿ ಮಾಡಬೇಕು, ದೊಡ್ಡದಕ್ಕೆ ಇಬ್ಬರೂ ಮಾಡಬೇಕು, ಅಕೌಂಟಂಟರು ನೆಟ್ ಬ್ಯಾಂಕಿಂಗಿನಲ್ಲಿ ಎಂಟ್ರಿ ಮಾಡಬೇಕು ಆದರೆ ರೊಕ್ಕ ಬಿಡಬಾರದು. ಅವರು ಕೇಳಿದ್ದು ಇಷ್ಟೇ.

ಬ್ಯಾಂಕ್ ಕೊಟ್ಟ ಫಾರ್ಮ್ ತೆಗೆದು ನೋಡಿದೆ. ಎರಡನೇ ಪುಟದ ಮಧ್ಯದಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಉದ್ದ ವಾಕ್ಯ. ಕೆಳಗೆ ಹೆಸರಿರುವವರು ಚೆಕ್ ಬರೆಯಬಹುದು, ಖಾತೆಯನ್ನು ಓವರ್‌ಡ್ರಾ ಮಾಡಬಹುದು, ಸಾಲ ಎತ್ತಬಹುದು, ಅದಕ್ಕೆ ಕಂಪನಿಯ ಆಸ್ತಿ ಅಡವು ಇಡಬಹುದು ಅಂತ ಅದರ ಅರ್ಥ. ಅಕೌಂಟಂಟರ ಹೆಸರೂ ಅದರ ಕೆಳಗೇ ಬರುತ್ತದೆ. ಅಂದರೆ ಎಂಟ್ರಿ ಮಾಡಲಿ ಅಂತ ಸೇರಿಸಿದವರಿಗೆ ಕಾಗದದ ಮೇಲೆ ಸಾಲ ಎತ್ತುವ ಅಧಿಕಾರವೂ ಸಿಕ್ಕಂತಾಯಿತು. ಸಾಲ ಎತ್ತುವುದು ಕಂಪನಿ ಕಾಯ್ದೆಯ 179(3)ರ ಪ್ರಕಾರ ಬೋರ್ಡ್ ಸಭೆಯಲ್ಲಿ ಕೂತು ತೀರ್ಮಾನಿಸುವ ವಿಷಯ. ಬೇರೆಯವರಿಗೆ ವಹಿಸಬೇಕಾದರೂ ಅದನ್ನೇ ಯೋಚಿಸಿ ಠರಾವು ಮಾಡಬೇಕು, ಖಾತೆ ತೆರೆಯುವ ಫಾರ್ಮಿನ ಜೊತೆ ಜಾರಿಕೊಂಡು ಹೋಗಬಾರದು.

ನಾನು ಬರೆದ ಠರಾವಿನಲ್ಲಿ ನಾಲ್ಕೇ ಪ್ಯಾರಾ. ಈ ಬ್ಯಾಂಕಿನ ಈ ಶಾಖೆಯಲ್ಲಿ ಕಂಪನಿ ಹೆಸರಿಗೆ ಕರೆಂಟ್ ಅಕೌಂಟ್ ತೆರೆಯುವುದು. ಯಾರು, ಎಷ್ಟರವರೆಗೆ, ಒಬ್ಬರೇ ಅಥವಾ ಜೊತೆಯಾಗಿ ಸಹಿ ಮಾಡುವುದು. ಈ ಅಧಿಕಾರದಲ್ಲಿ ಸಾಲ, ಓವರ್‌ಡ್ರಾಫ್ಟ್, ಗ್ಯಾರಂಟಿ ಯಾವುದೂ ಸೇರಿಲ್ಲ. ಹೊಸ ಠರಾವಿನ ನಕಲು ಬ್ಯಾಂಕಿಗೆ ಮುಟ್ಟುವವರೆಗೆ ಇದೇ ನಡೆಯುತ್ತದೆ. ಅದರ ಕೆಳಗೆ ಪಟ್ಟಿ: ಹೆಸರು, ಹುದ್ದೆ, ಡೈರೆಕ್ಟರಾದರೆ ಡಿನ್ ನಂಬರ್, ಸಹಿ ನಮೂನೆ.

ಹೆಚ್ಚು ತಲೆ ತಿಂದದ್ದು ಎರಡನೇ ಪ್ಯಾರಾ. ಮೊದಲು ಒಂದು ಲಕ್ಷದವರೆಗೆ ಒಬ್ಬರ ಸಹಿ ಅಂತ ಇಟ್ಟುಕೊಂಡಿದ್ದೆವು. ಅಣ್ಣಾವ್ರು ನಕ್ಕರು. "ಸೀಜನ್ನಿನ್ಯಾಗ ಒಂದು ಲಾಟಿನ ಬಿಲ್ಲೇ ಅದರ ಮ್ಯಾಲ ಹೋಗತೈತ್ರಿ, ದಿನಾ ತಮ್ಮನ್ನ ಹುಬ್ಬಳ್ಳಿಯಿಂದ ಕರಿಸಲೇನು?" ಕೊನೆಗೆ ಐದು ಲಕ್ಷಕ್ಕೆ ಬಂತು. ಅದರ ಮೇಲೆ ಇಬ್ಬರದೂ ಬೇಕು. ಆದರೆ ಕೌಂಟರಿನವರು ಕರಡು ಓದಿ ಕೇಳಿದ ಮೊದಲ ಪ್ರಶ್ನೆ, "ಐದು ಲಕ್ಷ ಅಂದ್ರ ದಿನಕ್ಕಾ, ಚೆಕ್ಕಿಗಾ?" ಒಳ್ಳೆ ಪ್ರಶ್ನೆ. ದಿನಕ್ಕೆ ಅಂತ ಬರೆದರೆ ಕ್ಲಿಯರಿಂಗಿನಲ್ಲಿ ಬಂದ ಚೆಕ್ ನೋಡುವವರು ಆ ದಿನದ ಲೆಕ್ಕ ಕೂಡಿಸುತ್ತಾ ಕೂರುವುದಿಲ್ಲ. ಅವರಿಗೆ ಕಾಣುವುದು ಎದುರಿಗಿರುವ ಚೆಕ್ ಒಂದೇ. ಅದಕ್ಕೆ ಠರಾವಿನಲ್ಲಿ "ಪ್ರತಿ ಚೆಕ್ಕಿಗೆ ಅಥವಾ ಪ್ರತಿ ವ್ಯವಹಾರಕ್ಕೆ" ಅಂತ ಹಾಕಿದೆ. ದಿನದ ಒಟ್ಟು ಮಿತಿಯನ್ನು ನೆಟ್ ಬ್ಯಾಂಕಿಂಗ್ ಅರ್ಜಿಯಲ್ಲಿ ಬೇರೆ ಬರೆಸಿದೆ, ಅಲ್ಲಿ ಕಂಪ್ಯೂಟರೇ ತಡೆಯುತ್ತದೆ. ಅಕೌಂಟಂಟರಿಗೆ ಮೇಕರ್ ಅಷ್ಟೇ, ಅಪ್ರೂವ್ ಮಾಡುವುದು ಡೈರೆಕ್ಟರು. ಚೆಕ್ ಸಹಿಯ ಸಾಲಿನಲ್ಲಿ ಅವರ ಹೆಸರೇ ಇಲ್ಲ.

ಮೊದಲ ಶಾಖೆಯಲ್ಲಿ ಇದು ಬಿದ್ದುಹೋಯಿತು. ಕಂಪನಿ ಸೆಕ್ರೆಟರಿ ಸಹಿ ಬೇಕು ಅಂದರು. ಪ್ರೈವೇಟ್ ಕಂಪನಿಗೆ ಹತ್ತು ಕೋಟಿ ಪೇಡ್ ಅಪ್ ಬಂಡವಾಳ ಆಗುವವರೆಗೆ ಸೆಕ್ರೆಟರಿ ಕಡ್ಡಾಯವಲ್ಲ, ಇವರದು ಒಂದೇ ಲಕ್ಷ. ಹೇಳಿದರೂ ಒಪ್ಪಲಿಲ್ಲ. ಅಲ್ಲೇ ಮೂರು ವಾರದ ಹತ್ತಿರ ಹೋಯಿತು, ಓಡಾಟ, ಜೆರಾಕ್ಸ್, ಸ್ಟ್ಯಾಂಪ್ ಪೇಪರ್ ಅಂತ ಎರಡು ಸಾವಿರದಷ್ಟು ಖರ್ಚು. ಅವರು ಕೇಳಿದ್ದರು ಅಂತ ನೋಟರಿ ಕೂಡ ಮಾಡಿಸಿದ್ದೆವು, ಬೇರೆ ಶಾಖೆಯಲ್ಲಿ ಯಾರೂ ಅದರ ಕಡೆ ನೋಡಲೇ ಇಲ್ಲ. ರೊಕ್ಕಕ್ಕಿಂತ ದಿನದ ಚಿಂತೆ ಜಾಸ್ತಿ. ಷೇರಿನ ರೊಕ್ಕ ಕಂಪನಿ ಖಾತೆಗೆ ಬರಬೇಕು, ಆಮೇಲೆ ವ್ಯಾಪಾರ ಶುರು ಮಾಡುವ ಘೋಷಣೆಯ ಫಾರ್ಮ್ ಐಎನ್‌ಸಿ-20ಎ ಹಾಕಬೇಕು, ಅದಕ್ಕೆ ನೋಂದಣಿಯಿಂದ 180 ದಿನ. ತಪ್ಪಿದರೆ ಕಂಪನಿಗೆ 50,000 ರೂಪಾಯಿ ದಂಡ, ಡೈರೆಕ್ಟರಿಗೆ ದಿನಕ್ಕೆ ಸಾವಿರದ ಲೆಕ್ಕ.

ಎರಡನೇ ಶಾಖೆಯಲ್ಲಿ ಕೆಲಸಕ್ಕೆ ಬಂದದ್ದು ಇದೇ ಐಎನ್‌ಸಿ-20ಎ. ಮ್ಯಾನೇಜರ್ ಮೇಡಮ್ ಕೂಡ "ನಮ್ಮ ಫಾರ್ಮೇಟ್‌ನ್ಯಾಗ ಕೊಡ್ರಿ" ಅಂತಲೇ ಶುರು ಮಾಡಿದರು. ನಾನು ಕಾಯ್ದೆಯ 10ಎ ಸೆಕ್ಷನ್ ತೋರಿಸಿದೆ. ಐಎನ್‌ಸಿ-20ಎ ಹಾಕುವ ತನಕ ಹೊಸ ಕಂಪನಿ ವ್ಯಾಪಾರ ಶುರು ಮಾಡುವಂತಿಲ್ಲ, ಸಾಲ ಎತ್ತುವಂತೆಯೂ ಇಲ್ಲ. ಆ ಫಾರ್ಮ್ ಹಾಕಲಿಕ್ಕೇ ಖಾತೆ ಬೇಕು. ಹಾಗಿದ್ದಮೇಲೆ ಖಾತೆ ತೆರೆಯುವ ದಿನ ಸಾಲದ ಅಧಿಕಾರ ಯಾರಿಗೆ ಕೊಡುವುದು, ಹೇಗೆ ಕೊಡುವುದು? ಅವರು ಎರಡು ಸಲ ಓದಿದರು, ಮೇಲಿನ ಆಫೀಸಿಗೆ ಕಳಿಸಿದರು, ಒಪ್ಪಿಗೆ ಬಂತು. ಜೊತೆಗೆ ಒಂದು ಪುಟದ ಕವರಿಂಗ್ ಲೆಟರ್ ಇಟ್ಟಿದ್ದೆ. ಅದರ ಒಕ್ಕಣೆ ಮಾತ್ರ ಇಲ್ಲಿ ಹೇಳುವುದಿಲ್ಲ, ಅದು ನನ್ನ ಅನ್ನದ ಪ್ರಶ್ನೆ.

ಬ್ಯಾಂಕಿನವರು ಬೆರಳಿಟ್ಟು ನೋಡಿದ್ದು ದಿನಾಂಕ. ಸಭೆಯ ದಿನಾಂಕ ನೋಂದಣಿ ಸರ್ಟಿಫಿಕೇಟಿನ ದಿನಾಂಕಕ್ಕಿಂತ ಹಿಂದೆ ಇದ್ದರೆ ಎಲ್ಲವೂ ವಾಪಸ್. ಇಬ್ಬರೇ ಡೈರೆಕ್ಟರಿದ್ದರೆ ಕೋರಂಗೆ ಇಬ್ಬರೂ ಬೇಕು, ಆದ್ದರಿಂದ ಹಾಜರಿದ್ದವರ ಹೆಸರು ಎರಡೂ ಬರಬೇಕು. ನಕಲಿಗೆ ದೃಢೀಕರಣದ ಸಹಿಯನ್ನು ಇಬ್ಬರಿಂದಲೂ ಮಾಡಿಸಿದೆ, ತನ್ನ ಅಧಿಕಾರಕ್ಕೆ ತಾನೇ ಸಾಕ್ಷಿ ಅನ್ನುವ ತಕರಾರು ಬರಬಾರದು ಅಂತ. ಮಿನಿಟ್ಸ್ ಬುಕ್ಕಿನಲ್ಲಿ ಇನ್ನೂ ಏರಿಸಿಲ್ಲ ಅಂತ ಕಾಯುವವರಿದ್ದಾರೆ. ಠರಾವಿನ ಒಕ್ಕಣೆಯನ್ನು ಸಭೆಯ ಮುಂದೆ ಇಟ್ಟಿದ್ದರೆ ಅದಕ್ಕೂ ಮುಂಚೆ ದೃಢೀಕೃತ ನಕಲು ಕೊಡಲು ಬೋರ್ಡ್ ಸಭೆಗಳ ಸೆಕ್ರೆಟೇರಿಯಲ್ ಸ್ಟ್ಯಾಂಡರ್ಡ್ ಎಸ್‌ಎಸ್-1 ಬಿಡುತ್ತದೆ.

ಇದರ ನಡುವೆ ಗದಗಿನ ಇನ್ನೊಂದು ಕಂಪನಿಗೆ ಸರ್ಕ್ಯುಲೇಶನ್ ಮೂಲಕ, ಅಂದರೆ ಸಭೆ ಸೇರದೆ ಕರಡು ಕಳಿಸಿ ಒಪ್ಪಿಗೆ ತರಿಸಿಕೊಂಡು, ಠರಾವು ಮಾಡಿ ನೋಡಿದೆ. ಖಾತೆ ತೆರೆಯುವುದು ಸಭೆಯಲ್ಲೇ ಆಗಬೇಕಾದ ವಿಷಯಗಳ ಪಟ್ಟಿಯಲ್ಲಿಲ್ಲ, ಕಾನೂನಿಗೆ ಅಡ್ಡಿಯಿಲ್ಲ. ಆದರೆ ಬ್ಯಾಂಕಿನವರು ಸಭೆ ನಡೆದ ಜಾಗ, ಸಮಯ ಎಲ್ಲಿ ಅಂತ ಹಿಡಿದುಕೊಂಡರು. ಅವರ ಚೆಕ್‌ಲಿಸ್ಟಿನಲ್ಲಿ ಆ ಎರಡು ಖಾನೆ ಖಾಲಿ ಬಿಡಲು ಬರುವುದಿಲ್ಲ. ದೂರದ ಡೈರೆಕ್ಟರನ್ನು ವಿಡಿಯೋದಲ್ಲಿ ಕೂರಿಸಿ ಸಭೆ ಮಾಡಿಸಿದ ಮೇಲೆ ನಡೆಯಿತು.

ಬ್ಯಾಡಗಿ ಖಾತೆ ತೆರೆದ ದಿನ ನಾನು ಚೆಕ್ ಬುಕ್ ಕೇಳಲಿಲ್ಲ, ಕಂಪ್ಯೂಟರಿನಲ್ಲಿ "ಮೋಡ್ ಆಫ್ ಆಪರೇಶನ್" ಏನು ಏರಿಸಿದ್ದಾರೆ ತೋರಿಸಿ ಅಂದೆ. ಅಲ್ಲಿ ಯಾರಾದರೂ ಒಬ್ಬರು ಅಂತ ಮಾತ್ರ ಇತ್ತು, ಐದು ಲಕ್ಷದ ಸುದ್ದಿಯೇ ಇಲ್ಲ. ಠರಾವು ಎಷ್ಟು ಚೆಂದ ಇದ್ದರೇನು, ಚೆಕ್ ಪಾಸ್ ಮಾಡುವವರಿಗೆ ಕಾಣುವುದು ಆ ಪರದೆ ತಾನೇ? ಅಲ್ಲೇ ಕೂತು ಮಿತಿಯನ್ನು ಸಹಿ ಸ್ಕ್ಯಾನ್ ಮಾಡುವ ಜಾಗದ ಷರಾದಲ್ಲಿ ಹಾಕಿಸಿ, ಪ್ರಿಂಟ್ ತೆಗೆಸಿ, ಮಿನಿಟ್ಸ್ ಬುಕ್ಕಿನ ಜೊತೆ ಫೈಲ್ ಮಾಡಿದೆ. ಸೀಜನ್ನಿನಲ್ಲಿ ಅಣ್ಣಾವ್ರು ಒಬ್ಬರೇ ಸಹಿ ಮಾಡಿದ ಏಳು ಲಕ್ಷದ ಚೆಕ್ ಒಂದು ಕೌಂಟರಿನಿಂದ ವಾಪಸ್ ಬಂತು. ಅವತ್ತು ಸಂಜೆಯೇ ತಮ್ಮನ ಸಹಿ ಹಾಕಿಸಿ ಕಳಿಸಿದರು.