ಚಿನ್ನಿ ಪಾದ ನೆಕ್ಕೋದು ಚಿಕನ್ನಿಂದ ಅಲ್ಲ ಅಂತ ಗೊತ್ತಾಗಿದ್ದು ಹೇಗೆ

ನಮ್ಮ ಚಿನ್ನಿ ಲ್ಯಾಬ್ ಮಿಕ್ಸ್ ನಾಯಿ, ಆಗ ಎರಡು ವರ್ಷ. ಮಳೆಗಾಲ ಮುಗಿಯೋ ಹೊತ್ತಿಗೆ ರಾತ್ರಿ ಎಲ್ಲಾ ಮಲಗಿದ್ಮೇಲೆ ಪಾದ ನೆಕ್ಕೋ ಚಪ್ ಚಪ್ ಸದ್ದು ಶುರುವಾಯ್ತು, ಬೆರಳ ಸಂದಿ ಬಿಡಿಸಿ ನೋಡಿದ್ರೆ ಕೆಂಪಗೆ, ಬಿಳಿ ಕೂದಲು ಜೊಲ್ಲಿಗೆ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಕಿವಿ ಹತ್ರ ಮೂಗಿಟ್ರೆ ಹುಳಿ ಬಂದ ದೋಸೆ ಹಿಟ್ಟಿನ ವಾಸನೆ. ಬೀದಿಲಿ ಎಲ್ರೂ ಹೇಳಿದ್ದು ಒಂದೇ, ಚಿಕನ್ ನಿಲ್ಸಿ.

ಡಾಕ್ಟ್ರು ಮೊದಲು ಊಟದ ಮಾತೇ ಎತ್ತಲಿಲ್ಲ. ಉಣ್ಣಿ, ಚಿಗಟಕ್ಕೆ ಔಷಧಿ ಹಾಕಿಸಿದ್ರು, ಕಜ್ಜಿ ಹುಳ ಇದೆಯಾ ನೋಡಿದ್ರು, ಕಿವಿಯಿಂದ ಮತ್ತೆ ಬೆರಳ ಸಂದಿಯಿಂದ ಸ್ಯಾಂಪಲ್ ತಗೊಂಡು ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಯೀಸ್ಟ್ ಅನ್ನೋ ಶಿಲೀಂಧ್ರ ತುಂಬಾ ಇತ್ತು. ಅಲರ್ಜಿ ಕೆಳಗಡೆ ಇರುತ್ತೆ, ಅದ್ರ ಮೇಲೆ ಯೀಸ್ಟ್ ಕೂತ್ಕೊಳ್ಳುತ್ತೆ, ಅದನ್ನ ವಾಸಿ ಮಾಡದೆ ಊಟ ಬದಲಾಯಿಸಿದ್ರೆ ತುರಿಕೆ ಯಾವುದರಿಂದ ಅಂತ ತಿಳಿಯೋದೇ ಇಲ್ಲ ಅಂದ್ರು. ಫುಡ್ ಅಲರ್ಜಿಗೆ ರಕ್ತ ಪರೀಕ್ಷೆ ಮಾಡ್ಸಣ ಅಂದೆ, ಅದನ್ನ ನಂಬೋಕಾಗಲ್ಲ, ಎಂಟು ವಾರ ಪಥ್ಯ ಮಾಡಿ ಅಂದ್ರು.

ಪಥ್ಯ ಅಂದ್ರೆ ಅದು ಹಿಂದೆ ತಿಂದೇ ಇರದ ಪದಾರ್ಥ ಮಾತ್ರ. ಚಿಕನ್, ಮೊಟ್ಟೆ, ಹಾಲು, ಮೊಸರನ್ನ, ಚಪಾತಿ ಎಲ್ಲಾ ತಿಂದಿದ್ದ. ತಿನ್ನದೇ ಇದ್ದಿದ್ದು ಮೀನು, ಗೆಣಸು. ಹಂಗಾಗಿ ಕೆರೆ ಮೀನು ಬೇಯ್ಸಿ, ಮುಳ್ಳು ಬಿಡ್ಸಿ, ಬೇಯ್ಸಿದ ಗೆಣಸಿನ ಜೊತೆ ಕಲಸಿ, ಉಪ್ಪು ಇಲ್ದೆ. ರುಚಿ ಸೇರಿಸಿದ ಜಗಿಯೋ ಮಾತ್ರೆಗಳನ್ನೂ ನಿಲ್ಸಿದ್ವಿ, ಅದ್ರಲ್ಲೂ ಮಾಂಸದ ಅಂಶ ಇರಬಹುದು.

ಅಕ್ಟೋಬರ್ ಮೊದಲ ವಾರ ಶುರು ಮಾಡಿದ್ವಿ. ಮೂರನೇ ವಾರ ಒಂದಿನ ಸಂಜೆ ನೋಡಿದ್ರೆ ಅವ್ವ ಚಾದಲ್ಲಿ ಬಿಸ್ಕೆಟ್ ಅದ್ದಿ ಕೊಡ್ತಿದ್ದಾಳೆ, ದಿನಾ ಅಂತೆ! ಬಿಸ್ಕೆಟ್ಟಲ್ಲಿ ಗೋಧಿನೂ ಇರುತ್ತೆ, ಹಾಲೂ ಇರುತ್ತೆ. "ಅದೇನು ಮಾಡೀತು ಬಿಡಪ್ಪ, ಬಾಯಿ ನೋಡ್ತಾ ಕೂತಿತ್ತು" ಅಂದ್ಳು ಅವ್ವ. ಬೈಯೋಕೆ ಮನಸ್ಸು ಬರಲಿಲ್ಲ, ಆದ್ರೆ ಲೆಕ್ಕ ಮತ್ತೆ ಒಂದರಿಂದ ಶುರು. ಅವತ್ತಿಂದ ಅವ್ವನ ಕೈಗೇ ಗೆಣಸಿನ ತುಂಡುಗಳ ಡಬ್ಬಿ ಕೊಟ್ಟೆ, ಆಮೇಲೆ ಪಥ್ಯ ತಪ್ಪಲಿಲ್ಲ.

ಅಡುಗೆಮನೆ ಕ್ಯಾಲೆಂಡರಲ್ಲಿ ದಿನಾ ತುರಿಕೆಗೆ ಸೊನ್ನೆಯಿಂದ ಹತ್ತರವರೆಗೆ ಒಂದು ನಂಬರ್ ಬರೀತಿದ್ದೆ. ಶುರುನಲ್ಲಿ ಎಂಟು, ಡಿಸೆಂಬರ್ ಕೊನೆಗೆ ಎರಡು. ಮನೇಲಿ ಎಲ್ಲಾ ಖುಷಿ, ಚಿಕನ್ನೇ ಕಾರಣ ಅಂತ ತೀರ್ಮಾನನೂ ಮಾಡಿಬಿಟ್ವಿ. ಡಾಕ್ಟ್ರು ಮಾತ್ರ ಒಪ್ಪಲಿಲ್ಲ, ಈಗ ಹಳೇ ಊಟಾನೇ ಎರಡು ವಾರ ಹಾಕಿ, ಊಟದಿಂದ ಆಗಿದ್ರೆ ಅಷ್ಟರೊಳಗೆ ತುರಿಕೆ ವಾಪಸ್ ಬರುತ್ತೆ, ಬಂದ್ರೆ ಮತ್ತೆ ಪಥ್ಯಕ್ಕೆ ಹೋಗಿ ಒಂದೊಂದೇ ಪದಾರ್ಥ ಸೇರ್ಸಿ ಯಾವುದು ಅಂತ ಹಿಡಿಯೋಣ ಅಂದ್ರು. ವಾಸಿ ಆಗಿರೋ ನಾಯಿಗೆ ಮತ್ತೆ ಅದನ್ನೇ ಹಾಕೋಕೆ ನಂಗೆ ಕೈ ಬರ್ತಿರಲಿಲ್ಲ, ಆದ್ರೂ ಹಾಕ್ದೆ. ಚಿಕನ್, ಮೊಸರನ್ನ, ಚಪಾತಿ. ಹದಿನಾಲ್ಕು ದಿನ ಆದ್ರೂ ನಂಬರ್ ಎರಡೇ!

ಅಂದ್ರೆ ಕಡಿಮೆ ಆಗಿದ್ದು ಪಥ್ಯದಿಂದಲ್ಲ, ಅಲರ್ಜಿ ಸೀಸನ್ ಮುಗಿದಿದ್ದರಿಂದ. ಹಳೇ ಊಟ ಹಾಕಿ ನೋಡದೆ ಇದ್ದಿದ್ರೆ ಜೀವನಪೂರ್ತಿ ಸುಮ್ನೆ ಚಿಕನ್ ತಪ್ಪಿಸ್ತಿದ್ವಿ. ಮುಂದಿನ ಜುಲೈನಲ್ಲಿ ಅದೇ ಚಿಕನ್ ಊಟದ ಮೇಲೇ ಪಾದ ಕೆಂಪಾಯ್ತು, ಕುಂದವಾಡ ಕೆರೆ ಕಡೆ ವಾಕಿಂಗ್ ಹೋಗೋ ದಾರೀಲಿ ಖಾಲಿ ಸೈಟಲ್ಲೆಲ್ಲಾ ಕಾಂಗ್ರೆಸ್ ಹುಲ್ಲು ಎದೆಮಟ್ಟ ಬೆಳೆದು ಹೂ ಬಿಟ್ಟಿತ್ತು. ಅದೊಂದೇ ಕಾರಣ ಅಂತ ನಾನು ಹೇಳಲ್ಲ, ಧೂಳಿನ ಹುಳ, ಬೂಷ್ಟು, ಬೇರೆ ಹುಲ್ಲಿನ ಪರಾಗ ಎಲ್ಲಾ ಸೇರಿರಬಹುದು. ಇಂಥವಕ್ಕೆ ಅಲರ್ಜಿ ಟೆಸ್ಟ್ ಮಾಡ್ಸೋದು ಅಲರ್ಜಿ ಇಂಜೆಕ್ಷನ್ನಲ್ಲಿ ಏನೇನು ಸೇರಿಸ್ಬೇಕು ಅಂತ ಆರಿಸೋಕೆ, ನಾವಿನ್ನೂ ಅಲ್ಲಿಗೆ ಹೋಗಿಲ್ಲ.

ಈಗ ಸೀಸನ್ನಲ್ಲಿ ವಾಕಿಂಗಿಂದ ಬಂದ ತಕ್ಷಣ ಬಕೆಟ್ ನೀರಲ್ಲಿ ನಾಲ್ಕೂ ಪಾದ ಅದ್ದಿ ತೊಳ್ದು ಬೆರಳ ಸಂದಿ ಸೇರಿ ಒರೆಸ್ತೀನಿ, ಹಸಿ ಬಿಟ್ರೆ ಯೀಸ್ಟಿಗೆ ಹಬ್ಬ. ವಾರಕ್ಕೊಮ್ಮೆ ಡಾಕ್ಟ್ರು ಬರ್ದ ಕ್ಲೋರ್‌ಹೆಕ್ಸಿಡಿನ್ ಶಾಂಪೂ ಹಚ್ಚಿ ಹತ್ತು ನಿಮಿಷ ಗಡಿಯಾರ ನೋಡ್ಕೊಂಡು ಬಿಡ್ತೀನಿ, ತಕ್ಷಣ ತೊಳೆದ್ರೆ ಔಷಧಿ ಕೆಲಸ ಮಾಡಲ್ಲ. ಕಿವಿಗೆ ನಾಯಿಗಳ ಇಯರ್ ಕ್ಲೀನರ್ ಮಾತ್ರ. ಕೊಬ್ಬರಿ ಎಣ್ಣೆ ಬಿಡಿ ಅಂದವರಿದ್ದಾರೆ, ಬಿಡಬೇಡಿ, ಹೋದ ವರ್ಷದ ಉಳಿದ ಡ್ರಾಪ್ಸೂ ಬೇಡ, ಕಿವಿಯ ತಮಟೆ ತೂತಾಗಿದ್ರೆ ಕೆಲವು ಡ್ರಾಪ್ಸಿಂದ ಕಿವಿ ಕೇಳಿಸದೇ ಹೋಗಬಹುದು.

ನಂಬರ್ ಐದು ದಾಟಿದ್ರೆ ಮೊದಲು ಮೂಸಿ ನೋಡ್ತೀನಿ. ಹುಳಿ ವಾಸನೆ ಇದ್ರೆ ಸೀದಾ ಸ್ಯಾಂಪಲ್ ಕೊಡೋಕೆ ಹೋಗೋದು, ಯೀಸ್ಟಿಗೆ ತುರಿಕೆ ಮಾತ್ರೆ ಮದ್ದಲ್ಲ. ವಾಸನೆ ಇಲ್ದೆ ಬರೀ ಕೆಂಪಿದ್ರೆ ಫೋನ್ ಮಾಡಿ, ಡಾಕ್ಟ್ರು ತೂಕಕ್ಕೆ ತಕ್ಕಂಗೆ ಹೇಳಿದ ಒಕ್ಲಾಸಿಟಿನಿಬ್ ಅನ್ನೋ ತುರಿಕೆ ಮಾತ್ರೆ ಶುರು ಮಾಡ್ತೀವಿ, ದಿನಕ್ಕೆ ಎರಡು ಸಲ ಜಾಸ್ತಿ ಅಂದ್ರೆ ಹದಿನಾಲ್ಕು ದಿನ, ಆಮೇಲೆ ಒಂದೇ ಸಲ. ಹೋದ ಸೀಸನ್ನಲ್ಲಿ ಹಂಗೆ ಎರಡು ಸಲ ಬೇಕಾಯ್ತು. ಚಿನ್ನಿ ಚಿಕನ್ ತಿಂತಿದ್ದಾನೆ, ಅವ್ವನ ಬಿಸ್ಕೆಟೂ ಸಂಜೆ ಒಂದು ಸಿಗ್ತಿದೆ.